ಎಂಟು ಮಂಚದ ಕೋಣೆಯ ಕಾನೂನು

ಬೆಂಗಳೂರಿನ ರಾತ್ರಿ ಬಸ್ಸುಗಳು ಗೋಕರ್ಣ ಮುಟ್ಟುವುದು ಬೆಳಕು ಹರಿಯುವ ಹೊತ್ತಿಗೆ. ಕುಡ್ಲೆ ತೀರಕ್ಕೆ ಇಳಿಯುವ ದಾರಿಯ ಹಾಸ್ಟೆಲಿನ ಜಗಲಿಯಲ್ಲಿ ಆಗಲೇ ನಾಲ್ಕೈದು ಬೆನ್ನುಚೀಲ ಒರಗಿರುತ್ತವೆ. ಮಂಚ ಸಿಗುವುದು ಮಧ್ಯಾಹ್ನ 1ರ ಮೇಲೆ. ಅಲ್ಲಿಯವರೆಗೆ ಚಪ್ಪಲಿ ಹೊರಗೆ, ಚೀಲ ಜಗಲಿಯಲ್ಲಿ, ಮನುಷ್ಯ ಎಲ್ಲಿಗೆ ಬೇಕಾದರೂ ಹೋಗಬಹುದು.

ಡಾರ್ಮಿಟರಿಯ ಬಾಗಿಲ ಪಕ್ಕ ಒಂದು ಬಿಳಿ ಫಲಕ. ಮೇಲಿನ ಸಾಲು ಕನ್ನಡ, ಅದರಡಿಗೆ ಅದೇ ಮಾತು ಇಂಗ್ಲಿಷಿನಲ್ಲಿ. ‘ರಾತ್ರಿ 10ರಿಂದ ಬೆಳಿಗ್ಗೆ 7: ಒಳಗೆ ಮಾತಿಲ್ಲ, ದೊಡ್ಡ ದೀಪವಿಲ್ಲ.’ ಕೆಳಗೆ, ‘ನೋ ಟಾಕಿಂಗ್, ನೋ ಬಿಗ್ ಲೈಟ್.’ ಹಿಂದಿನ ಫಲಕದಲ್ಲಿ ‘ಇತರ ಅತಿಥಿಗಳಿಗೆ ತೊಂದರೆಯಾಗದಂತೆ ಸಹಕರಿಸಿ’ ಎಂದಿತ್ತಂತೆ. ಅದನ್ನು ಎಲ್ಲರೂ ಓದಿದರು, ಪ್ರತಿಯೊಬ್ಬರೂ ಅದು ಪಕ್ಕದ ಮಂಚದವನಿಗೆ ಹೇಳಿದ್ದು ಎಂದುಕೊಂಡರು. ಹುಬ್ಬಳ್ಳಿಯ ಹುಡುಗನಿಗೂ ಇಸ್ರೇಲಿನ ಹುಡುಗಿಗೂ ಒಂದೇ ಅರ್ಥ ಕೊಡುವುದು ಗಡಿಯಾರದ ಅಂಕಿ. ಧ್ವನಿವರ್ಧಕಕ್ಕೆ ದೇಶದ ಕಾನೂನು ಹಾಕಿದ ಗಡಿಯೂ ರಾತ್ರಿ 10ರಿಂದ 6. ಹಾಸ್ಟೆಲು ಬೆಳಗಿನ ಕಡೆ ಒಂದು ಗಂಟೆ ಸೇರಿಸಿದೆ, ಅಷ್ಟೇ.

ಆದರೆ ಎಂಟು ಜನ ಮಲಗಿದ ಕೋಣೆಯಲ್ಲಿ ನಿದ್ದೆ ಕೆಡಿಸುವುದು ಮಾತೊಂದೇ ಅಲ್ಲ. ನಸುಕಿನ 4:30ಕ್ಕೆ ರೈಲು ಹಿಡಿಯುವವನು ಎದ್ದು, ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ತುರುಕುತ್ತಾನೆ. ಆ ಪರಪರ ಸದ್ದು ಒಂದು ಸಲಕ್ಕೆ ಮುಗಿಯುವುದಿಲ್ಲ; ತಪ್ಪು ಕವರು, ಇನ್ನೊಂದು ಕವರು, ಮತ್ತೆ ಮೊದಲನೆಯದು. ಮೇಲಿನ ಮಂಚದ ಮೊಬೈಲು ಐದೈದು ನಿಮಿಷಕ್ಕೊಮ್ಮೆ ಅಲಾರಂ ಹೊಡೆಯುತ್ತದೆ, ಕಬ್ಬಿಣದ ಚೌಕಟ್ಟು ಅದನ್ನು ಕೆಳಗಿನ ದಿಂಬಿನವರೆಗೂ ತಲುಪಿಸುತ್ತದೆ. ಹಾಗಾಗಿ ಎರಡನೇ ನಿಯಮ: ‘ಬೇಗ ಹೊರಡುವವರು ರಾತ್ರಿಯೇ ಚೀಲ ಕಟ್ಟಿ ಹೊರಗಿನ ಬೆಂಚಿನ ಹತ್ತಿರ ಇಡಿ. ಅಲಾರಂ ಒಂದೇ ಸಲ.’ ಹಣ, ಮೊಬೈಲು, ಗುರುತಿನ ಚೀಟಿ ಮಾತ್ರ ಮಲಗುವವನ ಜೊತೆಗೇ.

ಲಾಕರುಗಳು ಮಂಚದ ಕೆಳಗಿನ ತಗಡಿನ ಪೆಟ್ಟಿಗೆಗಳು. ಬೀಗ ನಿಮ್ಮದು. ಬೀಗದ ಕೊಂಡಿ ದಪ್ಪವಿದ್ದರೆ ಚಿಲಕದ ತೂತಿಗೆ ಹೋಗುವುದಿಲ್ಲ. ಮನೆಯ ಗೇಟಿಗೆ ಹಾಕುವ ಬೀಗ ತಂದವರು ಇಲ್ಲಿ ಪೆಚ್ಚಾಗುತ್ತಾರೆ. ಚೀಲಕ್ಕೆ ಹಾಕುವ ಚಿಕ್ಕ ನಂಬರ್ ಬೀಗವೋ, ಎಳೆದರೆ ಕೈಗೇ ಬರುತ್ತದೆ. ಮಧ್ಯಮ ಗಾತ್ರದ ಕೀಲಿಬೀಗ ಕೌಂಟರಿನಲ್ಲಿ ಠೇವಣಿಗೆ ಸಿಗುತ್ತದೆ.

ಕೀಲಿ ಸಮುದ್ರದ ಪಾಲಾಗುವುದು ಇಲ್ಲಿ ಮಾಮೂಲು. ಒಂದು ಸಂಜೆ ಮೈಯೆಲ್ಲ ಮರಳಾದ ಒಬ್ಬ ಬಂದು ಬೀಗ ಮುರಿಯಿರಿ ಎಂದ. ಮೇಲ್ವಿಚಾರಕ ಮೊದಲು ಕಟರ್ ತೆಗೆಯಲಿಲ್ಲ, ರಿಜಿಸ್ಟರ್ ತೆಗೆದ. ಮಂಚದ ಸಂಖ್ಯೆ ತಾಳೆ ನೋಡಿದ. “ಒಳಗೆ ಏನೇನಿದೆ ಹೇಳಿ” ಎಂದು ಬರೆದುಕೊಂಡ: ನೀಲಿ ಪರ್ಸು, ಕ್ಯಾಮೆರಾ ಚಾರ್ಜರು, ಅರ್ಧ ಪೊಟ್ಟಣ ಬಿಸ್ಕತ್ತು. ಇನ್ನೊಬ್ಬ ಕೆಲಸಗಾರನನ್ನು ಸಾಕ್ಷಿಗೆ ನಿಲ್ಲಿಸಿಕೊಂಡೇ ಕೊಂಡಿ ಕತ್ತರಿಸಿದ. ಬಿಸ್ಕತ್ತಿಗೆ ಇರುವೆ ಮುತ್ತಿದ್ದವು, ಉಳಿದದ್ದೆಲ್ಲ ಲೆಕ್ಕಕ್ಕೆ ಸರಿಹೋಯಿತು. ತಿನಿಸು ಲಾಕರಿನಲ್ಲಿ ಇಡಬಾರದು ಎಂಬ ಸಾಲು ಫಲಕದಲ್ಲಿ ಏಕಿದೆ ಎಂದು ಯಾರೂ ವಿವರಿಸಬೇಕಾಗಲಿಲ್ಲ.

ಅಡುಗೆಮನೆ ಅಕ್ಕನ ರಾಜ್ಯ. ಅಕ್ಕ ಅಲ್ಲಿ ಅಡುಗೆ ಮಾಡುವುದಿಲ್ಲ, ಮಾಡುವವರನ್ನು ಕಾಯುತ್ತಾಳೆ. ಫ್ರಿಜ್ಜಿನ ಬಾಗಿಲಿಗೆ ಕಾಗದದ ಟೇಪು, ಪೆನ್ನು ಕಟ್ಟಿದೆ. ಡಬ್ಬಿಯ ಮೇಲೆ ಹೆಸರು, ಮಂಚದ ಸಂಖ್ಯೆ, ಊರು ಬಿಡುವ ದಿನ ಬರೆಯಬೇಕು. ಇಟ್ಟ ದಿನ ಬರೆದರೆ ಅಕ್ಕನಿಗೆ ಉಪಯೋಗವಿಲ್ಲ; ಬಿಡುವ ದಿನವಿದ್ದರೆ ಆ ಸಂಜೆಯೇ ಡಬ್ಬಿ ಎತ್ತಬಹುದು. ಕಟ್ಟು ಒಡೆಯದ ಅವಲಕ್ಕಿ, ಉಪ್ಪು, ಚಹಾಪುಡಿ ‘ಎಲ್ಲರಿಗೂ’ ಎಂಬ ಕಪಾಟಿಗೆ. ಹಳೇ ಹಾಲು, ಬೇಯಿಸಿದ ಅನ್ನ ಕಸಕ್ಕೆ. ಕರಾವಳಿಯ ಸೆಖೆಯಲ್ಲಿ ಹೊರಗಿಟ್ಟ ಸಾರು ಬೆಳಗಿನವರೆಗೆ ಉಳಿಯುವುದೂ ಅನುಮಾನ.

ಮೀನು, ಮೊಟ್ಟೆಗೆ ಕೆಂಪು ಟೇಪು ಸುತ್ತಿದ ಬಾಣಲೆ ಮತ್ತು ಚಾಕು ಬೇರೆ. ಯಾರು ಏನು ತಿನ್ನುತ್ತಾರೆಂದು ಕೇಳದೆ ಜಗಳ ತಪ್ಪಿಸುವ ಈ ಉಪಾಯ ನನಗೆ ಫಲಕದಲ್ಲೇ ಅತಿ ಜಾಣತನದ್ದು ಅನ್ನಿಸಿತು. ಇಂಡಕ್ಷನ್ ಒಲೆಯ ಮುಂದೆ ಮಾತ್ರ ದಿನವೂ ಒಬ್ಬರು ಸೋಲುತ್ತಾರೆ. ಕಪಾಟಿನ ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಅದು ಕುಂಯ್ ಎಂದು ಸುಮ್ಮನಾಗುತ್ತದೆ, ಒಲೆ ಕೆಟ್ಟಿದೆ ಎಂಬ ದೂರು ಬರುತ್ತದೆ. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಬೇಕು. ಅದಕ್ಕೆಂದೇ ಒಂದನ್ನು ಗೋಡೆಗೆ ನೇತುಹಾಕಿದ್ದಾರೆ.

ಮಿಕ್ಸಿ ರಾತ್ರಿ 9ರವರೆಗೆ. ಗೋಡೆಯಾಚೆಯೇ ಮಹಿಳೆಯರ ಡಾರ್ಮಿಟರಿ. ಅಂದು 9:20ಕ್ಕೆ ತೆಂಗಿನಕಾಯಿ ತುರಿದು ನಿಂತ ಧಾರವಾಡದ ಹುಡುಗ, “ಅಕ್ಕಾರ, ಎರಡ ನಿಮಿಷ ರೀ” ಎಂದು ಗೋಗರೆದ. ಅಕ್ಕ ಮಿಕ್ಸಿಯ ವೈರು ಸುತ್ತುತ್ತಲೇ, “ಹಿತ್ತಲಲ್ಲಿ ಒರಳುಕಲ್ಲು ಇದೆ ತಮ್ಮಾ, ಅದಕ್ಕೆ ಟೈಮಿಲ್ಲ” ಎಂದಳು. ಅವನು ಕಾಯಿತುರಿಗೆ ಸಕ್ಕರೆ ಬೆರೆಸಿಕೊಂಡು ಬ್ರೆಡ್ಡಿನ ಜೊತೆ ತಿಂದ.