ಪಟ್ಟಿಯಿಂದ ಆಸ್ಪತ್ರೆ ಬಿಟ್ಟುಹೋದರೆ ಮೇಲ್‌ನಲ್ಲಿ ಏನಿರಬೇಕು?

"ನೆಟ್‌ವರ್ಕ್ ಆಸ್ಪತ್ರೆಗಳ ಪಟ್ಟಿ ಬದಲಾಗಿದೆ, ಲಗತ್ತು ನೋಡಿ." ಗ್ರೂಪ್ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದ ಕಂಪನಿಗಳಿಗೆ ಹೋಗುವ ಮೇಲ್ ಎಷ್ಟೋ ಸಲ ಇಷ್ಟೇ. ಲಗತ್ತಿನಲ್ಲಿ ಸಾವಿರಾರು ಹೆಸರು. ಬಿಟ್ಟುಹೋದ ಆಸ್ಪತ್ರೆ ಯಾವುದು ಅಂತ ಹುಡುಕೋರು ಯಾರು?

ಜುಲೈ 1ರಿಂದ ನಿಮ್ಮ ಮನೆ ಹತ್ತಿರದ ಆಸ್ಪತ್ರೆ ಪಟ್ಟಿಯಲ್ಲಿಲ್ಲ ಅಂದ್ಕೊಳ್ಳಿ. ಪಾಲಿಸಿಯಲ್ಲಿರುವ ಅಮ್ಮನ ಮಂಡಿ ಆಪರೇಷನ್ ಜುಲೈ 4ಕ್ಕೆ ನಿಗದಿಯಾಗಿದೆ. ಗಾಬರಿ ಬೇಡ, ಪಾಲಿಸಿ ರದ್ದಾಗಿಲ್ಲ, ವಿಮಾ ಮೊತ್ತವೂ ಹಾಗೇ ಇದೆ. ಕೈತಪ್ಪಿದ್ದು ಎರಡು: ನೇರ ಕ್ಯಾಶ್‌ಲೆಸ್ ಮತ್ತು ಆಸ್ಪತ್ರೆ ಜೊತೆ ಮೊದಲೇ ಮಾತಾಡಿಕೊಂಡ ದರ. ಈ ಎರಡನೆಯದನ್ನು ಯಾರೂ ಹೇಳಲ್ಲ. ಬಿಲ್ ಹೆಚ್ಚಾಯಿತು ಅಂತ ವಿಮಾ ಕಂಪನಿ ಒಂದಷ್ಟು ಕಡಿತ ಮಾಡಿದರೆ, ಉಳಿದದ್ದು ನಿಮ್ಮ ಜೇಬಿನಿಂದಲೇ.

ಹಾಗಾದರೆ ದಾರಿ? 2024ರ ಜನವರಿಯಿಂದ 'ಕ್ಯಾಶ್‌ಲೆಸ್ ಎವೆರಿವೇರ್' ಇದೆ. ಅಡ್ಮಿಟ್ ಆಗುವ 48 ಗಂಟೆ ಮೊದಲೇ ವಿಮಾ ಕಂಪನಿಗೆ ತಿಳಿಸಿದರೆ, ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ತುರ್ತು ಚಿಕಿತ್ಸೆಯಾದರೆ ಅಡ್ಮಿಟ್ ಆದ 48 ಗಂಟೆಯೊಳಗೆ ತಿಳಿಸಿ. ಅನುಮತಿ ಸಿಕ್ಕೇ ಸಿಗುತ್ತೆ ಅಂತಲ್ಲ. ಸಿಗದಿದ್ದರೆ ದುಡ್ಡು ಕಟ್ಟಿ, ಡಿಸ್ಚಾರ್ಜ್ ಸಮ್ಮರಿ, ಅಸಲಿ ಬಿಲ್, ರಿಪೋರ್ಟ್ ಇಟ್ಟುಕೊಂಡು ರೀಇಂಬರ್ಸ್‌ಮೆಂಟ್ ಹಾಕಬೇಕು.

ಮೇಲ್ ಬರೆಯುವ ಎಚ್‌ಆರ್, ಬ್ರೋಕರ್ ಗೆಳೆಯರೇ, ಬಿಟ್ಟುಹೋದ ಆಸ್ಪತ್ರೆಯ ಹೆಸರು, ಬಡಾವಣೆ ಮೊದಲ ಸಾಲಿನಲ್ಲೇ ಇರಲಿ. ಜುಲೈ 1 ಅಂದರೆ ಅಡ್ಮಿಟ್ ಆಗುವ ದಿನವೋ, ಡಿಸ್ಚಾರ್ಜ್ ದಿನವೋ? ಜೂನ್‌ನಲ್ಲೇ ಅನುಮತಿ ಪಡೆದವರ ಕಥೆ ಏನು? ವಿಮಾ ಕಂಪನಿಯಿಂದ ಲಿಖಿತ ಉತ್ತರ ತರಿಸಿಕೊಂಡು, ಆಮೇಲೆ ಸೆಂಡ್ ಒತ್ತಿ.