ಎರಡೂ ಉತ್ತರ ಸರಿಯಾಗೋದು ಹೇಗೆ?

ಹತ್ತಿರದ ಪ್ರೌಢಶಾಲೆಯ ಹತ್ತನೇ ತರಗತಿ ಮಕ್ಕಳಿಗೆ ಶನಿವಾರ ಪಾಠ ಹೇಳಲು ಹೋಗುವ ನಾವು, ಕಳೆದ ವಾರ ಅವರ ಭೌತಶಾಸ್ತ್ರ ಕಿರುಪರೀಕ್ಷೆಯ ಪತ್ರಿಕೆಗಳನ್ನು ತಿದ್ದಿದೆವು. ತಿದ್ದೋದೇನು ಮಹಾ ಅಂದುಕೊಂಡು ಕೂತವರು ಚೆನ್ನಾಗಿಯೇ ಎಡವಿದೆವು.

ಲೆಕ್ಕ ಇಷ್ಟೇ. 20 ಓಮ್ ಮತ್ತು 30 ಓಮ್ ರೋಧಕಗಳು ಸಮಾಂತರದಲ್ಲಿವೆ. ಆ ಜೋಡಿಗೆ 8 ಓಮ್ ರೋಧಕ ಸರಣಿಯಲ್ಲಿದೆ. ಬ್ಯಾಟರಿ 10 ವೋಲ್ಟ್. ಒಟ್ಟು ಪ್ರವಾಹ ಎಷ್ಟು, ಪ್ರತಿ ಕವಲಿನಲ್ಲಿ ಎಷ್ಟು?

1/20 + 1/30 = 1/12, ಹಾಗಾಗಿ ಸಮಾಂತರ ಜೋಡಿಯ ರೋಧ 12 ಓಮ್. ಅದಕ್ಕೆ 8 ಸೇರಿಸಿದರೆ 20 ಓಮ್, ಪ್ರವಾಹ 0.5 ಆಂಪಿಯರ್. ಒಬ್ಬ ಹುಡುಗ 1/12 ಅನ್ನೇ ತಿರುಗಿಸದೆ ರೋಧ ಅಂತ ಬರೆದುಬಿಟ್ಟಿದ್ದ. "ಸಮಾಂತರದ ರೋಧ ಚಿಕ್ಕದಕ್ಕಿಂತಲೂ ಕಡಿಮೆ" ಅನ್ನೋ ನಿಯಮದಿಂದ ಈ ತಪ್ಪು ಸಿಗಲ್ಲ, 0.083 ಕೂಡ 20ಕ್ಕಿಂತ ಕಡಿಮೆಯೇ ತಾನೆ! ಎರಡೇ ರೋಧಕಗಳಿದ್ದರೆ ಉತ್ತರ ಚಿಕ್ಕದರ ಅರ್ಧಕ್ಕಿಂತ ಕೆಳಗೆ ಹೋಗಲಾರದು. ಅಂದರೆ ಇಲ್ಲಿ 10 ಮತ್ತು 20ರ ನಡುವೆಯೇ ಇರಬೇಕು. ಅವನ ಮುಂದಿನ ಹೆಜ್ಜೆಗಳೆಲ್ಲ ಸರಿಯಿದ್ದವು, ಹಾಗಾಗಿ ಆ ಒಂದು ತಪ್ಪಿಗೆ ಒಂದೇ ಅಂಕ ಕಳೆದೆವು.

ನಾವು ಎಡವಿದ್ದು ಕವಲುಗಳ ಹತ್ತಿರ. ಎರಡು ಕವಲಿನ ಪ್ರವಾಹ ಕೂಡಿದರೆ ಒಟ್ಟು ಬರಬೇಕು, ಬಂದರೆ ರೈಟ್ ಮಾರ್ಕು, ಹೀಗೆ ಸರಸರ ತಿದ್ದಿದ್ದೆವು. ಪತ್ರಿಕೆ ಹಂಚಿದ ಮೇಲೆ ಒಬ್ಬಳು ತನ್ನದನ್ನೂ ಗೆಳತಿಯದನ್ನೂ ಹಿಡಿದುಕೊಂಡು ಬಂದಳು. "ಅಕ್ಕಾ, ನಂದು 20 ಓಮ್‌ನಲ್ಲಿ 0.2, ಇವಳದು 0.3. ಎರಡೂ ಹೇಗೆ ಸರಿ?"

ಕೂಡಿದರೆ ಇಬ್ಬರದೂ 0.5. ಆದರೆ ಸಮಾಂತರದಲ್ಲಿ ಎರಡೂ ಕವಲಿನ ವಿಭವಾಂತರ ಒಂದೇ ಇರಬೇಕು. ಓಮ್ ನಿಯಮ ಹಾಕಿ ನೋಡಿ: ಗೆಳತಿಯದು 20 × 0.3 = 6, 30 × 0.2 = 6. ಇವಳದು 20 × 0.2 = 4, 30 × 0.3 = 9. 8 ಓಮ್‌ಗೆ 4 ವೋಲ್ಟ್ ಹೋದ ಮೇಲೆ ಉಳಿಯೋದೂ 6 ವೋಲ್ಟೇ. ಸರಣಿಯಲ್ಲಿ ದೊಡ್ಡ ರೋಧಕಕ್ಕೆ ದೊಡ್ಡ ಪಾಲು ವಿಭವಾಂತರ ಸಿಗುತ್ತಲ್ಲ, ಅದನ್ನೇ ಇವಳು ಪ್ರವಾಹಕ್ಕೂ ಹಚ್ಚಿದ್ದಳು. ಸಮಾಂತರದಲ್ಲಿ ಪ್ರವಾಹ ಹೆಚ್ಚು ಹರಿಯೋದು ಚಿಕ್ಕ ರೋಧಕದಲ್ಲಿ.

ತನ್ನ ಅಂಕವೇ ಹೋಗುತ್ತೆ ಅಂತ ಗೊತ್ತಿದ್ದೂ ಕೇಳಿದ್ದಳು ಪುಟ್ಟಿ. ಪತ್ರಿಕೆಗಳನ್ನೆಲ್ಲ ವಾಪಸ್ ತಗೊಂಡು ಪ್ರತಿ ಕವಲನ್ನೂ ಗುಣಿಸಿ ನೋಡಿದೆವು. ಹಾಗೇ ಅದಲು ಬದಲು ಬರೆದು ನಮ್ಮಿಂದ ರೈಟ್ ಮಾರ್ಕು ಗಿಟ್ಟಿಸಿದವರು ಇನ್ನೂ ಮೂವರು ಸಿಕ್ಕರು. ಒಂದು ಪತ್ರಿಕೆಯಲ್ಲಂತೂ ತಪ್ಪು ನಮ್ಮದೇ. 8ರ ಪಕ್ಕದ Ω ಗುರುತನ್ನು ಸೊನ್ನೆ ಅಂತ ಓದಿ, 80 ಬರೆದಿದ್ದಾನೆಂದು ಅಡ್ಡಗೆರೆ ಎಳೆದಿದ್ದೆವು. ಅವನ ಮುಂದಿನ ಸಾಲಿನಲ್ಲಿ 12 + 8 = 20 ಅಂತ ಸ್ಪಷ್ಟವಾಗಿಯೇ ಇತ್ತು.