ಸೋದರಮಾವ ಕೊಟ್ಟ ಸೈಟಿಗೆ ಎರಡು ಲೆಕ್ಕ

ತುಮಕೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆಂದುಕೊಳ್ಳಿ. ಮದುವೆಯಾಗಿಲ್ಲ. ನೌಕರಿಯಲ್ಲಿದ್ದಾಗ, 1994ರಲ್ಲಿ, ಕೊಂಡ ಒಂದು ಸೈಟು ಇದೆ. ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಓಡಾಡಿದ ಅಕ್ಕನ ಮಗನ ಹೆಸರಿಗೆ ಅದನ್ನು ಈಗಲೇ ಮಾಡಿಕೊಡಬೇಕೆಂಬುದು ಅವರ ಆಸೆ. ಆಡಿಟರನ್ನು ಕೇಳಿದರೆ, ‘ಸೋದರಮಾವ ಕೊಟ್ಟದ್ದಕ್ಕೆ ತೆರಿಗೆ ಇಲ್ಲ, ಕೊಡಿ ಮೇಷ್ಟ್ರೇ’ ಎನ್ನುತ್ತಾರೆ. ದಾನಪತ್ರ ಬರೆಸಲು ಹೋದರೆ ಪತ್ರ ಬರಹಗಾರರು ಮೂರು ಲಕ್ಷ ರೂಪಾಯಿ ಖರ್ಚಿನ ಲೆಕ್ಕ ಮುಂದಿಡುತ್ತಾರೆ. ಇಬ್ಬರ ಮಾತೂ ನಿಜ.

ಕಾರಣ ಇಷ್ಟೆ. ಆದಾಯ ತೆರಿಗೆ ಕೇಂದ್ರದ್ದು, ಮುದ್ರಾಂಕ ಶುಲ್ಕ ರಾಜ್ಯದ್ದು. ಯಾರು ಸಂಬಂಧಿಕರು ಎಂಬುದಕ್ಕೆ ಎರಡು ಕಾನೂನುಗಳೂ ತಮ್ಮ ತಮ್ಮ ಪಟ್ಟಿ ಇಟ್ಟುಕೊಂಡಿವೆ, ಆ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ದಾನಪತ್ರದ ವಿಚಾರದಲ್ಲಿ ಜನ ಮೋಸಹೋಗುವುದು ಹೆಚ್ಚಾಗಿ ಇಲ್ಲೇ.

ಮೊದಲು ಆದಾಯ ತೆರಿಗೆ. ಕೊಟ್ಟವರ ಮೇಲೆ ತೆರಿಗೆ ಹಾಕುತ್ತಿದ್ದ 1958ರ ದಾನ ತೆರಿಗೆ 1998ರ ಅಕ್ಟೋಬರ್‌ನಿಂದ ಇಲ್ಲವಾಯಿತು. ಈಗ ಲೆಕ್ಕ ಕೇಳುವುದು ಪಡೆದವರನ್ನು. ಒಂದು ಆರ್ಥಿಕ ವರ್ಷದಲ್ಲಿ ಸಂಬಂಧಿಕರಲ್ಲದವರಿಂದ ಬಂದ ಹಣ ಒಟ್ಟಾರೆ 50,000 ರೂಪಾಯಿ ದಾಟಿದರೆ ಅದು ಪಡೆದವರ ಆದಾಯಕ್ಕೆ ಸೇರುತ್ತದೆ. ದಾಟಿದ ಭಾಗ ಮಾತ್ರವಲ್ಲ, ಪೂರ್ತಿ ಮೊತ್ತ. ಸೈಟು, ಮನೆಯಾದರೆ ಮಾರ್ಗಸೂಚಿ ಬೆಲೆಯನ್ನೇ ಆದಾಯವೆಂದು ಹಿಡಿಯುತ್ತಾರೆ. ಸಂಬಂಧಿಕರು ಕೊಟ್ಟರೆ ಮಾತ್ರ ಎಷ್ಟೇ ಇರಲಿ, ತೆರಿಗೆ ಇಲ್ಲ. 1961ರ ಕಾಯ್ದೆಯ ಈ ನಿಯಮ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಮುಂದುವರಿದಿದೆ.

ಈ ಪಟ್ಟಿ ಸಾಕಷ್ಟು ದೊಡ್ಡದು. ಗಂಡ ಹೆಂಡತಿ, ಅಣ್ಣ ತಮ್ಮ ಅಕ್ಕ ತಂಗಿ, ಗಂಡನ ಅಥವಾ ಹೆಂಡತಿಯ ಒಡಹುಟ್ಟಿದವರು, ತಂದೆ ತಾಯಿಯ ಒಡಹುಟ್ಟಿದವರು, ಅಪ್ಪ ಅಮ್ಮ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಗಂಡನ ಅಥವಾ ಹೆಂಡತಿಯ ಕಡೆಯ ಅದೇ ನೇರ ಸಾಲಿನವರು, ಇವರೆಲ್ಲರ ಗಂಡ ಅಥವಾ ಹೆಂಡತಿ. ಹಾಗಾಗಿ ಅತ್ತಿಗೆ, ಭಾವ, ಚಿಕ್ಕಪ್ಪ, ಚಿಕ್ಕಮ್ಮ, ಮಗಳ ಗಂಡ ಎಲ್ಲರೂ ಒಳಗೆ ಬರುತ್ತಾರೆ. ದೊಡ್ಡಪ್ಪನ ಮಗ, ಸೋದರತ್ತೆಯ ಮಗಳು ಬರುವುದಿಲ್ಲ. ಒಂದೇ ಮನೆಯಲ್ಲಿ ಬೆಳೆದಿದ್ದರೂ ಬರುವುದಿಲ್ಲ.

ಇಲ್ಲಿ ಬಹಳ ಜನ ಗಮನಿಸದ ಒಂದು ತೊಡಕಿದೆ. ಪಟ್ಟಿಯನ್ನು ಓದಬೇಕಾದದ್ದು ಪಡೆಯುವವರ ಕಡೆಯಿಂದ. ಮೇಷ್ಟ್ರು ಅಕ್ಕನ ಮಗನಿಗೆ ಕೊಟ್ಟಾಗ ಆ ಹುಡುಗನಿಗೆ ಅವರು ತಾಯಿಯ ತಮ್ಮ, ಪಟ್ಟಿಯಲ್ಲಿದ್ದಾರೆ. ಅದೇ ಹುಡುಗ ಅಮೆರಿಕದಲ್ಲಿ ಕೆಲಸಕ್ಕೆ ಸೇರಿ, ಮಾವನ ಮನೆ ರಿಪೇರಿಗೆಂದು ಐದು ಲಕ್ಷ ಕಳಿಸಿದನೆನ್ನಿ. ಈಗ ಪಡೆಯುವವರು ಮೇಷ್ಟ್ರು. ಅಕ್ಕನ ಮಗ ಅವರ ಮಗನೂ ಅಲ್ಲ, ಮೊಮ್ಮಗನೂ ಅಲ್ಲ, ಒಡಹುಟ್ಟಿದವನೂ ಅಲ್ಲ. ಐದು ಲಕ್ಷವೂ ಅವರ ಆದಾಯಕ್ಕೆ ಸೇರುತ್ತದೆ. ಸಾಕಿದ ಚಿಕ್ಕಪ್ಪ, ಸೋದರಮಾವಂದಿರಿಗೆ ಹೊರದೇಶದಿಂದ ಹಣ ಕಳಿಸುವ ಮಕ್ಕಳು ಇದನ್ನು ತಿಳಿದಿರಬೇಕು. ನಿಜವಾಗಿಯೂ ವಾಪಸು ಕೊಡುವ ಮಾತಿದ್ದರೆ ಅದನ್ನು ಸಾಲವೆಂದು ಬರೆದಿಟ್ಟು ಬ್ಯಾಂಕಿನ ಮೂಲಕವೇ ಕಳಿಸಬಹುದು, ಸಾಲ ಆದಾಯವಲ್ಲ.

ಮದುವೆಯಲ್ಲಿ ಗಂಡು ಹೆಣ್ಣಿಗೆ ಬಂದ ಮುಯ್ಯಿಗೆ, ಯಾರೇ ಕೊಟ್ಟಿರಲಿ, ತೆರಿಗೆ ಇಲ್ಲ. ಆ ವಿನಾಯಿತಿ ಮದುವೆಯಾಗುವವರಿಗೆ ಮಾತ್ರ, ಅವರ ತಂದೆ ತಾಯಿಗಲ್ಲ. ಗೃಹಪ್ರವೇಶ, ನಾಮಕರಣದ ಮುಯ್ಯಿಗೂ ಅದು ಅನ್ವಯಿಸುವುದಿಲ್ಲ.

ಇನ್ನು ಮೇಷ್ಟ್ರ ಸೈಟು. ಕರ್ನಾಟಕ ಮುದ್ರಾಂಕ ಕಾಯ್ದೆ ದಾನಪತ್ರಕ್ಕೆ ರಿಯಾಯಿತಿ ಕೊಡುವುದು ‘ಕುಟುಂಬ’ದೊಳಗಿನ ದಾನಕ್ಕೆ. ತಂದೆ, ತಾಯಿ, ಗಂಡ, ಹೆಂಡತಿ, ಮಗ, ಮಗಳು, ಸೊಸೆ, ಒಡಹುಟ್ಟಿದವರು, ಮೊಮ್ಮಕ್ಕಳು ಈ ಕುಟುಂಬದವರು. ಇವರಿಗೆ ಕೊಟ್ಟರೆ ಆಸ್ತಿಯ ಬೆಲೆ ಕೋಟಿ ಇದ್ದರೂ ಶುಲ್ಕ ನಿಗದಿತ: ಜಾಗ ಎಲ್ಲಿದೆ ಎಂಬುದರ ಮೇಲೆ 1,000ದಿಂದ 5,000 ರೂಪಾಯಿ, ಅದರ ಮೇಲೆ ಸ್ವಲ್ಪ ಸೆಸ್. ಅಕ್ಕನ ಮಗ ಇದರಲ್ಲಿಲ್ಲ. ಸೊಸೆ ಇದ್ದಾಳೆ, ಮಗಳ ಗಂಡ ಇಲ್ಲ. ಮಗಳು, ಅಳಿಯ ಇಬ್ಬರ ಹೆಸರಿಗೂ ಸೇರಿಸಿ ದಾನಪತ್ರ ಮಾಡಲು ಹೊರಟವರು ಇಲ್ಲಿ ಎಡವುತ್ತಾರೆ.

ಪಟ್ಟಿಯ ಹೊರಗಿನವರಿಗೆ ಕೊಡುವ ದಾನಕ್ಕೆ ಕ್ರಯಪತ್ರದ ದರವೇ ಅನ್ವಯ. ಸೈಟಿನ ಮಾರ್ಗಸೂಚಿ ಬೆಲೆ 40 ಲಕ್ಷ ಎನ್ನಿ. ಶೇ 5ರಂತೆ ಮುದ್ರಾಂಕ ಶುಲ್ಕ 2,00,000. ಆ ಶುಲ್ಕದ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ನಗರದಲ್ಲಿ ಒಟ್ಟು ಶೇ 12, ಅಂದರೆ 24,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2, ಅದು 80,000. ಒಟ್ಟು 3,04,000 ರೂಪಾಯಿ. ಪತ್ರ ಬರಹಗಾರರು ಹೇಳಿದ್ದು ಇದನ್ನೇ.

ಆಗ ಯಾರಾದರೂ ಒಂದು ದಾರಿ ಸೂಚಿಸುತ್ತಾರೆ: ಮೇಷ್ಟ್ರು ಮೊದಲು ಅಕ್ಕನಿಗೆ ದಾನ ಮಾಡಲಿ, ಅಕ್ಕ ಮಗನಿಗೆ ಮಾಡಲಿ. ತಮ್ಮನಿಂದ ಅಕ್ಕನಿಗೆ, ತಾಯಿಯಿಂದ ಮಗನಿಗೆ, ಎರಡೂ ಕುಟುಂಬದೊಳಗಿನ ದಾನ. ಎರಡು ಪತ್ರಕ್ಕೂ ಸೇರಿ ಸರ್ಕಾರಿ ಶುಲ್ಕ ಹದಿನೈದು ಸಾವಿರವೂ ಆಗುವುದಿಲ್ಲ. ಆದರೆ ಮೊದಲ ಪತ್ರ ನೋಂದಣಿಯಾದ ಕ್ಷಣದಿಂದ ಅಕ್ಕನೇ ಪೂರ್ಣ ಒಡತಿ. ಮಗನಿಗೆ ಕೊಡಲೇಬೇಕೆಂದು ಅವರನ್ನು ಕಟ್ಟಿಹಾಕಲು ಬರುವುದಿಲ್ಲ. ಎರಡನೆಯ ಪತ್ರಕ್ಕೆ ಮೊದಲೇ ಅವರು ತೀರಿಕೊಂಡರೆ ಸೈಟು ಅವರ ಎಲ್ಲ ವಾರಸುದಾರರಿಗೂ ಹಂಚಿಹೋಗುತ್ತದೆ. ಒಂದೇ ದಿನ ಎರಡು ಪತ್ರ ಮಾಡಿದರೆ ಶುಲ್ಕ ತಪ್ಪಿಸಲು ಹೂಡಿದ ಆಟವೆಂಬ ಪ್ರಶ್ನೆ ಏಳಬಹುದು. ಅಕ್ಕನಿಗೇ ಕೊಡುವ ಮನಸ್ಸು ನಿಜವಾಗಿ ಇದ್ದರೆ ಮಾತ್ರ ಈ ದಾರಿ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಹುಡುಗನಿಗೆ ಸೈಟು ಈಗಲೇ ಬೇಕಿಲ್ಲವಾದರೆ ಮೇಷ್ಟ್ರಿಗೆ ಉಯಿಲು ಮೇಲು. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ಅದರ ಮೂಲಕ ಬಂದ ಆಸ್ತಿಗೆ ಪಡೆದಾಗ ಆದಾಯ ತೆರಿಗೆಯೂ ಇಲ್ಲ. ಬದುಕಿರುವವರೆಗೆ ಆಸ್ತಿ ಅವರದೇ, ಮನಸ್ಸು ಬದಲಾದರೆ ಬೇರೆ ಬರೆಯಬಹುದು. ದಾನಪತ್ರ ಹಾಗಲ್ಲ. ಎರಡು ಸಾಕ್ಷಿಗಳೊಂದಿಗೆ ನೋಂದಣಿಯಾಗಿ, ಪಡೆದವನು ಒಪ್ಪಿದ ಮೇಲೆ, ಬೇಕೆಂದಾಗ ಹಿಂತೆಗೆದುಕೊಳ್ಳಲಾಗದು. ಉಯಿಲಿನಲ್ಲಿರುವ ತೊಂದರೆ ಎಂದರೆ, ಮೇಷ್ಟ್ರ ಕಾಲಾನಂತರ ಬೇರೆ ನೆಂಟರು ತಕರಾರು ತೆಗೆಯಬಹುದು. ಹುಡುಗ ಆ ಸೈಟನ್ನು ಅಡವಿಟ್ಟು ಈಗ ಮನೆಸಾಲ ಪಡೆಯುವಂತೆಯೂ ಇಲ್ಲ. ಅವನು ಮನೆ ಕಟ್ಟಲು ಹೊರಟಿದ್ದರೆ ಮೂರು ಲಕ್ಷ ಕೊಟ್ಟು ನೇರ ದಾನಪತ್ರ ಮಾಡಿಸುವುದೇ ಸರಿ.

ಸಂಬಂಧಿಕರಿಂದ ಬಂದ ಸೈಟನ್ನು ಮುಂದೆ ಮಾರಿದಾಗ ತೆರಿಗೆಯಿಂದ ಪಾರಾಗಲು ಆಗದು. ಲಾಭದ ಲೆಕ್ಕ ಶುರುವಾಗುವುದು ಮಾವ ಕೊಂಡ ಬೆಲೆಯಿಂದ. ಅವರು 2001ರ ಏಪ್ರಿಲ್‌ಗಿಂತ ಮೊದಲೇ ಕೊಂಡಿದ್ದರಿಂದ ಆ ದಿನದ ಬೆಲೆಯನ್ನು ಹಿಡಿಯಲು ಅವಕಾಶವಿದೆ. ದಾನಪತ್ರದಲ್ಲಿ ಕಾಣಿಸಿದ 40 ಲಕ್ಷವನ್ನು ಕೊಂಡ ಬೆಲೆಯೆಂದು ತೋರಿಸಲು ಬರುವುದಿಲ್ಲ. ಹಣ ಕೊಡುವವರಿಗೂ ಒಂದು ಮಾತು: ಸ್ವಂತ ತಂದೆಯಿಂದಲೇ ಆಗಲಿ, ಎರಡು ಲಕ್ಷ ಅಥವಾ ಹೆಚ್ಚಿನದನ್ನು ಒಂದೇ ದಿನ ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕಿನ ಮೂಲಕವೇ ಕೊಡಿ, ಯಾರು ಯಾರಿಗೆ ಏಕೆ ಕೊಟ್ಟರೆಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಸೈಟು ಪಡೆದವರು ದಾನಪತ್ರದ ಜೊತೆಗೆ, ಕೊಟ್ಟವರ ಹಳೆಯ ಕ್ರಯಪತ್ರವನ್ನೂ ಅಂದೇ ಕೇಳಿ ಪಡೆದು ಜೋಪಾನ ಮಾಡಿಕೊಳ್ಳಿ.